ಮುದ್ದೆ ಬಿಡಬೇಡಿ, ತೂಗಿ ನೋಡಿ

“ಅನ್ನ ಬುಟ್ಟು ಮೂರು ತಿಂಗ್ಳಾಯ್ತು ಮೇಡಂ. ಎರಡೊತ್ತೂ ಹಿಟ್ಟೇ ಉಣ್ತಾ ಇವ್ನಿ. ಆದ್ರೂ ಸುಗರ್ ಇಳೀತಿಲ್ಲ ಅಂದ್ರೆ ನಾನೇನ್ ಮಾಡ್ಲಿ?”

ಮಂಡ್ಯ ಕಡೆಯ ಹಳ್ಳಿಯಿಂದ ಬಂದಿದ್ದ 58 ವರ್ಷದ ಆ ತಾಯಿಯ ದನಿಯಲ್ಲಿ ಸಿಟ್ಟಿಗಿಂತ ಸೋತುಹೋದ ಭಾವವೇ ಹೆಚ್ಚಿತ್ತು. ಬೆಳಿಗ್ಗೆ ಬರಿಹೊಟ್ಟೆಯಲ್ಲಿ 148, ಊಟವಾದ ಎರಡು ಗಂಟೆಗೆ 284. ಆಸ್ಪತ್ರೆಯ ಕಾಯುವ ಕೋಣೆಯ ಟಿವಿಗಾಗಿ, ಸಕ್ಕರೆ ಕಾಯಿಲೆಯವರ ಊಟದ ಬಗ್ಗೆ ಆರು ನಿಮಿಷದ ವಿಡಿಯೊ ಬರೆದುಕೊಡುವ ಕೆಲಸ ಆ ವಾರವಷ್ಟೇ ನನ್ನ ಪಾಲಿಗೆ ಬಂದಿತ್ತು. ಏನೇನೋ ಹೇಳಬೇಕೆಂದು ಗುರುತು ಹಾಕಿಕೊಂಡಿದ್ದೆ. ಅವರ ಪ್ರಶ್ನೆ ಕೇಳಿದ ಮೇಲೆ ಉಳಿದದ್ದನ್ನೆಲ್ಲ ಬದಿಗಿಟ್ಟು ಮುದ್ದೆಯೊಂದನ್ನೇ ಹಿಡಿದುಕೊಂಡೆ.

ಹಳೇ ಮೈಸೂರು ಸೀಮೆಯಲ್ಲಿ ಶುಗರ್ ಬಂದಿದೆ ಎಂದು ತಿಳಿದ ಕೂಡಲೇ ಮನೆಯವರು ಮಾಡುವ ಮೊದಲ ಕೆಲಸ ಅನ್ನ ನಿಲ್ಲಿಸುವುದು. ರಾಗಿ ಎಷ್ಟು ತಿಂದರೂ ಏನಾಗದು ಎಂಬ ನಂಬಿಕೆ ಅಷ್ಟು ಗಟ್ಟಿ. ನಂಬಿಕೆಯಲ್ಲಿ ಅರ್ಧ ನಿಜವಿದೆ. 100 ಗ್ರಾಂ ರಾಗಿಯಲ್ಲಿ ನಾರು ಸುಮಾರು 11 ಗ್ರಾಂ ಇದ್ದರೆ ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ಆದರೆ ಹೊಟ್ಟೆಗೆ ಹೋಗಿ ಸಕ್ಕರೆಯಾಗುವ ಪಿಷ್ಟ ಎರಡರಲ್ಲೂ ಧಾರಾಳವಾಗಿದೆ: ಅಕ್ಕಿಯಲ್ಲಿ 78 ಗ್ರಾಂನಷ್ಟು, ರಾಗಿಯಲ್ಲಿ 67 ಗ್ರಾಂನಷ್ಟು. ಅಂತರ ಇಷ್ಟೇ. ಒಂದು ಮುದ್ದೆ ಹೆಚ್ಚು ಉಂಡರೆ ಆ ಅಂತರವೂ ಅಳಿಸಿಹೋಗುತ್ತದೆ.

ಆ ತಾಯಿಯ ಊಟದಲ್ಲಿ ಆಗಿದ್ದೂ ಅದೇ. ಮನೆಯಲ್ಲಿ ಕಟ್ಟುವಷ್ಟೇ ದಪ್ಪದ ಮುದ್ದೆಯನ್ನು ಸೊಸೆಯ ಕೈಯಲ್ಲಿ ಕಟ್ಟಿಸಿ ತರಲು ಹೇಳಿದೆ. ತಕ್ಕಡಿಯಲ್ಲಿಟ್ಟರೆ 290 ಗ್ರಾಂ ತೂಗಿತು. ಹಾಕಿದ ಹಿಟ್ಟು 100 ಗ್ರಾಂ, ಮಿಕ್ಕದ್ದೆಲ್ಲ ನೀರು. ಮಧ್ಯಾಹ್ನ ಇಂಥವು ಎರಡು. ಎಂದರೆ ಒಂದೇ ಹೊತ್ತಿಗೆ 134 ಗ್ರಾಂ ಪಿಷ್ಟ. ಜೊತೆಗೆ ಇದ್ದದ್ದು ನೀರಾದ ಸಾರು, ತಳದಲ್ಲಿ ನಾಲ್ಕು ಕಾಳು. ಬೆಳಿಗ್ಗೆ ಬೆಲ್ಲ ಹಾಕಿದ ರಾಗಿ ಗಂಜಿ ಬೇರೆ. ಗಂಜಿಯ ವಿಷಯದಲ್ಲಿ ಸ್ವಲ್ಪ ಎಚ್ಚರ ಬೇಕು. ನುಣ್ಣಗೆ ಬೀಸಿದ ಹಿಟ್ಟನ್ನು ನೀರಲ್ಲಿ ಚೆನ್ನಾಗಿ ಬೇಯಿಸಿ ತೆಳ್ಳಗೆ ಮಾಡಿದಾಗ ಅದು ಹೊಟ್ಟೆಯಲ್ಲಿ ಬೇಗ ಕರಗಿ, ಸಕ್ಕರೆ ಬೇಗ ಏರುತ್ತದೆ. ಸಕ್ಕರೆಯ ಬದಲು ಬೆಲ್ಲ ಹಾಕಿದರೂ ರಕ್ತಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ.

ಇದನ್ನು ವಿಡಿಯೊದಲ್ಲಿ ಹೇಗೆ ಹೇಳುವುದು? ಮೊದಲ ಕರಡಿನಲ್ಲಿ “ಹಿಟ್ಟಿನ ಅಂಶ ಕಡಿಮೆ ಮಾಡಿ” ಎಂದು ಬರೆದಿದ್ದೆ. ಕಾಯುತ್ತಿದ್ದವರಿಗೆ ಓದಿ ಹೇಳಿದಾಗ ಒಬ್ಬ ಯಜಮಾನರು, “ಅನ್ನದಲ್ಲಿ ಹಿಟ್ಟೆಲ್ಲಿದೆ?” ಎಂದರು. ಅವರ ಮಾತಿನಲ್ಲಿ ಹಿಟ್ಟು ಎಂದರೆ ಮುದ್ದೆ. ಅದನ್ನು ಹೊಡೆದು “ಸಕ್ಕರೆಯಾಗುವ ಭಾಗ” ಎಂದು ಮಾಡಿದೆ. ಇನ್ನೊಂದು ಸಾಲಿನಲ್ಲಿ ಎರಡು ಮುದ್ದೆಯನ್ನು ಇಷ್ಟು ಚಮಚ ಸಕ್ಕರೆಗೆ ಹೋಲಿಸಿದ್ದೆ. ಅದನ್ನು ಕೇಳಿದ ಹೆಂಗಸೊಬ್ಬರು ಬಿಚ್ಚಿದ್ದ ಊಟದ ಡಬ್ಬಿಯನ್ನು ಮುಚ್ಚಿಟ್ಟರು. ಹೆದರಿಸಿ ಊಟ ಬಿಡಿಸಿದಂತಾಯಿತು, ಉಣ್ಣುವುದು ಹೇಗೆಂದು ಕಲಿಸಿದಂತಾಗಲಿಲ್ಲ. ಆ ಸಾಲೂ ಹೋಯಿತು. ಕೊನೆಗೆ ಉಳಿದದ್ದು ಹೀಗೆ:

“(ತಟ್ಟೆ ಕಾಣಿಸುತ್ತದೆ. ಅಡುಗೆಮನೆಯ ದನಿ.) ಅಮ್ಮಾ, ಅಪ್ಪಾ, ನೀವು ಮುದ್ದೆ ಬಿಡಬೇಕಾಗಿಲ್ಲ. ಮೊದಲು ಅರ್ಧ ತಟ್ಟೆಗೆ ಸೊಪ್ಪು, ತರಕಾರಿ ಪಲ್ಯ ಬಡಿಸಿಕೊಳ್ಳಿ. ಕಾಲು ಭಾಗಕ್ಕೆ ಕಾಳು, ಇಲ್ಲವೇ ಮೊಟ್ಟೆ, ಮೀನು. ಉಳಿದ ಕಾಲು ಭಾಗ ಮುದ್ದೆಗೆ. ಮುದ್ದೆ ಇಟ್ಟುಕೊಂಡ ಹೊತ್ತು ಅನ್ನ ಬೇಡ. ಪಲ್ಯ, ಕಾಳು ನಾಲ್ಕಾರು ತುತ್ತು ಉಂಡ ಮೇಲೆ ಮುದ್ದೆಗೆ ಕೈಹಾಕಿ.”

ಕೊನೆಯ ಮಾತು ಸುಮ್ಮನೆ ಸೇರಿಸಿದ್ದಲ್ಲ. ನಾರು ಮತ್ತು ಕಾಳಿನ ಪ್ರೋಟೀನು ಮೊದಲು ಹೊಟ್ಟೆ ಸೇರಿದರೆ, ಹಿಂದಿನಿಂದ ಬಂದ ಪಿಷ್ಟ ಹೊಟ್ಟೆಯಿಂದ ಕರುಳಿಗೆ ಇಳಿಯುವುದು ನಿಧಾನವಾಗುತ್ತದೆ. ಅದೇ ಊಟ, ಅದೇ ಪ್ರಮಾಣ, ಆದರೂ ಸಕ್ಕರೆ ಅಷ್ಟು ಎತ್ತರಕ್ಕೆ ಹಾರುವುದಿಲ್ಲ. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ರೂಢಿ. ಹಾಗಾಗಿ ಹೊಟ್ಟೆ ತುಂಬಿತು ಎಂದು ಮನಸ್ಸಿಗೆ ತಿಳಿಯುವ ಮೊದಲೇ ಎರಡನೆಯದೂ ಖಾಲಿಯಾಗಿರುತ್ತದೆ. ಪಲ್ಯವನ್ನಾದರೆ ಅಗಿಯಲೇಬೇಕು.

ಆ ತಾಯಿಗೆ ಹಿಟ್ಟಿನ ಅಳತೆ ಕೊಟ್ಟೆ: ಅರ್ಧ ಕಪ್ಪು, ಹತ್ತಿರ ಹತ್ತಿರ 60 ಗ್ರಾಂ. ಕಟ್ಟಿದರೆ ಒಳ್ಳೆಯ ಮೂಸಂಬಿ ಗಾತ್ರದ ಒಂದು ಮುದ್ದೆ, ಪಿಷ್ಟ 40 ಗ್ರಾಂ. “ಇದ್ಯಾವ ಮೂಲೆಗೆ ಸಾಲ್ತದೆ!” ಎಂದು ಅವರು ನಕ್ಕರು. ಹೊಲಕ್ಕೆ ಹೋಗಿ ಬರುವವರ ಹಸಿವು ಸುಳ್ಳಲ್ಲ. ಅದಕ್ಕೇ ಬಸ್ಸಾರಿನ ಸೊಪ್ಪು ಮತ್ತು ಕಾಳನ್ನು ಮೊದಲಿನ ಎರಡರಷ್ಟು ಬಡಿಸಿಕೊಳ್ಳಲು, ಕೊನೆಗೆ ಒಂದು ಲೋಟ ನೀರು ಮಜ್ಜಿಗೆ ಕುಡಿಯಲು ಹೇಳಿದೆ. ಗಂಜಿಯ ಜಾಗಕ್ಕೆ ಹೆಸರುಕಾಳಿನ ದೋಸೆ ಬಂತು. ಮೂತ್ರಪಿಂಡದ ತೊಂದರೆ ಇರುವವರು ಮಾತ್ರ ಕಾಳು, ಸೊಪ್ಪು ಹೆಚ್ಚಿಸುವ ಮುನ್ನ ವೈದ್ಯರನ್ನು ಕೇಳಬೇಕು.

ಅಳತೆ ಸರಿಹೋಯಿತೇ ಎಂದು ಹೇಳುವುದು ಗ್ಲುಕೋಮೀಟರ್. ಊಟಕ್ಕೆ ಮುಂಚೆ ಒಮ್ಮೆ, ಮೊದಲ ತುತ್ತು ಬಾಯಿಗಿಟ್ಟ ಗಳಿಗೆಯಿಂದ ಎಣಿಸಿ ಎರಡು ಗಂಟೆಗೆ ಇನ್ನೊಮ್ಮೆ ನೋಡಬೇಕು. ಹೆಚ್ಚಿನವರಿಗೆ ಊಟದ ನಂತರ 180ರ ಒಳಗಿದ್ದರೆ ಸಾಕು. ವಯಸ್ಸಾದವರಿಗೆ, ಬೇರೆ ಕಾಯಿಲೆ ಇರುವವರಿಗೆ ವೈದ್ಯರು ಬೇರೆ ಗುರಿ ಹೇಳಬಹುದು. ಬೆರಳು ಚುಚ್ಚುವ ಮೊದಲು ಸೋಪು ಹಾಕಿ ಕೈ ತೊಳೆದು ಒರೆಸಿಕೊಳ್ಳಿ. ಬಾಳೆಹಣ್ಣು ಸುಲಿದ ಕೈಯಲ್ಲೇ ಚುಚ್ಚಿದರೆ ಬೆರಳಿಗೆ ಅಂಟಿದ ಸಕ್ಕರೆಯೂ ಲೆಕ್ಕಕ್ಕೆ ಸೇರುತ್ತದೆ, ಇಲ್ಲದ ಗಾಬರಿ ಹುಟ್ಟುತ್ತದೆ. ಆ ತಾಯಿಗೆ ಮೊದಲ ವಾರ 196 ಬಂತು. ಊಟವಾದ ಮೇಲೆ ಕಾಲು ಗಂಟೆ ಅಂಗಳದಲ್ಲಿ ನಡೆಯಲು ಶುರುಮಾಡಿದ ಮೇಲೆ 172. ನಡುವೆ ಒಂದು ಮದುವೆ ಊಟದ ದಿನ 260 ಆಗಿ, ಅಳುಕುತ್ತಾ ಫೋನ್ ಮಾಡಿದ್ದರು. ಒಂದು ದಿನದ ಅಂಕಿಗೆ ಅಳುವುದು ಬೇಡ, ರಾತ್ರಿ ಊಟ ಬಿಡುವುದೂ ಬೇಡ, ಎಂದಿನ ತಟ್ಟೆಗೆ ಮರಳಿ ಎಂದೆ.

ಅವರ ಯಜಮಾನರಿಗೂ ಸಕ್ಕರೆ ಕಾಯಿಲೆ ಇದೆ. “ಇವ್ರೂ ಇಷ್ಟೇ ಉಣ್ಲಾ?” ಎಂದು ಕೇಳಿದಾಗ ತಡೆದೆ. ಹೆಂಡತಿ ನುಂಗುವುದು ಮೆಟ್‌ಫಾರ್ಮಿನ್ ಮಾತ್ರೆ ಮಾತ್ರ. ಅದೊಂದರಿಂದಲೇ ಸಕ್ಕರೆ ಅಪಾಯದ ಮಟ್ಟಕ್ಕೆ ಕುಸಿಯುವುದು ಅಪರೂಪ. ಗಂಡ ಇನ್ಸುಲಿನ್ ಚುಚ್ಚಿಸಿಕೊಳ್ಳುವವರು. ಎರಡು ಮುದ್ದೆಗೆಂದು ಕೊಟ್ಟ ಡೋಸು ಹಾಗೇ ಇದ್ದು ಊಟ ಮಾತ್ರ ಅರ್ಧವಾದರೆ ಸಕ್ಕರೆ 70ಕ್ಕಿಂತ ಕೆಳಗೆ ಬೀಳಬಹುದು. ಗ್ಲಿಮೆಪಿರೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಿಗೂ ಇದೇ ಮಾತು. ಬೆವರು, ಕೈನಡುಕ, ಎದೆಬಡಿತ, ತಲೆ ಗಿಮ್ಮೆನ್ನುವುದು ಇದರ ಗುರುತು. ಆಗ ಮೂರು ಚಮಚ ಸಕ್ಕರೆಯನ್ನು ನೀರಲ್ಲಿ ಕದಡಿ ಕುಡಿದು, 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಬೇಕು. ಇನ್ನೂ ಕಡಿಮೆಯಿದ್ದರೆ ಇನ್ನೊಮ್ಮೆ. ಪ್ರಜ್ಞೆ ತಪ್ಪಿದವರ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಒಯ್ಯಬೇಕು. ವಿಡಿಯೊದ ಒಂದು ಪೂರ್ತಿ ನಿಮಿಷವನ್ನು ಇದಕ್ಕೇ ಕೊಟ್ಟೆ. ಇಂಥವರು ಮುದ್ದೆಯ ಗಾತ್ರ ಇಳಿಸುವ ಮೊದಲೇ ವೈದ್ಯರ ಬಳಿ ಡೋಸು ಸರಿಮಾಡಿಸಿಕೊಳ್ಳಲಿ ಎಂಬ ಮಾತನ್ನು ಎರಡು ಸಲ ಹೇಳಿಸಿದೆ.

ಮೂರು ತಿಂಗಳ ಸರಾಸರಿ ತಿಳಿಸುವ ರಕ್ತಪರೀಕ್ಷೆಯಲ್ಲಿ ಆ ತಾಯಿಯದು 9.1ರಿಂದ 7.8ಕ್ಕೆ ಇಳಿದಿತ್ತು. ವೈದ್ಯರು ಮಾತ್ರೆ ಹಾಗೇ ಮುಂದುವರಿಸಿದರು. ಯಜಮಾನರ ಇನ್ಸುಲಿನ್ ಚೀಟಿಯಲ್ಲಿ ಮಧ್ಯಾಹ್ನದ ಡೋಸು ಇಳಿದಿತ್ತು, ಅವರ ತಟ್ಟೆಗೂ ಒಂದೇ ಮುದ್ದೆ ಬೀಳುತ್ತಿತ್ತು.