ನಾಲ್ಕು ಯುದ್ಧ, ಒಂದು ಹಾಳೆ

ಆಂಗ್ಲೋ-ಮೈಸೂರು ಯುದ್ಧಗಳ ಪಾಠ ಓದಿದ ಮಕ್ಕಳಿಗೆ ಮದರಾಸು, ಮಂಗಳೂರು, ಶ್ರೀರಂಗಪಟ್ಟಣ ಎಂದು ಒಪ್ಪಂದಗಳ ಹೆಸರು ಬಾಯಿಪಾಠವಾಗಿರುತ್ತದೆ. ಆದರೆ ಮಂಗಳೂರು ಒಪ್ಪಂದವಾಗಿ ಆರು ವರ್ಷ ತುಂಬುವುದರೊಳಗೆ ಮತ್ತೆ ಯುದ್ಧ ಏಕೆ ಶುರುವಾಯಿತು ಎಂದು ಕೇಳಿದರೆ ಉತ್ತರ ತಡವರಿಸುತ್ತದೆ. ಓದಿದ್ದು ಸಾಲದೆ ಹೀಗಾಗುವುದಿಲ್ಲ. ಹತ್ತು ಹನ್ನೆರಡು ಪುಟಗಳ ಗದ್ಯದಲ್ಲಿ ಇಸವಿ, ಕಾರಣ, ಕದನ, ಷರತ್ತು ಎಲ್ಲವೂ ಒಂದೇ ಎತ್ತರದಲ್ಲಿ ನಿಂತಿರುತ್ತವೆ. ಯಾವುದು ಯಾವುದನ್ನು ಹುಟ್ಟಿಸಿತು ಎಂಬುದು ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಾಣಿಸಲು ಒಂದು ಹಾಳೆ, ಒಂದು ಸ್ಕೇಲು, ಪೆನ್ಸಿಲು, ರಬ್ಬರ್ ಸಾಕು. ಹಾಳೆಯ ಮೇಲರ್ಧದಲ್ಲಿ ಕಾಲರೇಖೆ, ಕೆಳಗರ್ಧದಲ್ಲಿ ಕಾರಣ-ಪರಿಣಾಮದ ನಕ್ಷೆ.

ಕಾಲರೇಖೆ ಎಂದರೆ ಇಸವಿಗಳನ್ನು ಒಂದರ ಪಕ್ಕ ಒಂದು ಬರೆದು ಗೆರೆ ಎಳೆಯುವುದು ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗೆ ಬರೆದರೆ ಅದು ಅಡ್ಡಲಾಗಿ ಬರೆದ ಪಟ್ಟಿ ಅಷ್ಟೇ. ಕಾಲರೇಖೆಗೆ ಅಳತೆ ಇರಬೇಕು. ಎ-ಫೋರ್ ಹಾಳೆಯನ್ನು ಅಡ್ಡ ಇಟ್ಟರೆ ಅಗಲ ಸುಮಾರು 30 ಸೆಂಟಿಮೀಟರ್. ನಮ್ಮ ಪಾಠ 1760ರ ದಶಕದಿಂದ 1799ರವರೆಗಿನದು, ಅಂದರೆ 40 ವರ್ಷ. ವರ್ಷಕ್ಕೆ 6 ಮಿಲಿಮೀಟರ್ ಇಟ್ಟುಕೊಂಡರೆ 24 ಸೆಂಟಿಮೀಟರಿನ ಗೆರೆಯಾಗುತ್ತದೆ, ಎರಡೂ ಬದಿ ಅಂಚು ಉಳಿಯುತ್ತದೆ. ಅದರ ಮೇಲೆ ಯುದ್ಧದ ವರ್ಷಗಳನ್ನು ಮಾತ್ರ ದಪ್ಪಗೆ ತುಂಬಿ: 1767ರಿಂದ 69, 1780ರಿಂದ 84, 1790ರಿಂದ 92, ಕೊನೆಗೆ 1799.

ಈಗ ದಪ್ಪ ಗೆರೆಗಳನ್ನಲ್ಲ, ನಡುವಿನ ಖಾಲಿ ಜಾಗಗಳನ್ನು ನೋಡಿ. ಮೊದಲ ಮತ್ತು ಎರಡನೇ ಯುದ್ಧದ ನಡುವೆ ಆರೂವರೆ ಸೆಂಟಿಮೀಟರಿಗೂ ಹೆಚ್ಚು ಖಾಲಿ, ಹನ್ನೊಂದು ವರ್ಷ. ಎರಡನೆಯದು ಮುಗಿದು ಮೂರನೆಯದು ತೊಡಗುವವರೆಗೆ ಸುಮಾರು ಆರು ವರ್ಷ, ಆಮೇಲೆ ಏಳು ವರ್ಷ. ನಾಲ್ಕನೇ ಯುದ್ಧ ಕೆಲವೇ ತಿಂಗಳಲ್ಲಿ ಮುಗಿದದ್ದರಿಂದ ಅಲ್ಲಿ ಪಟ್ಟಿ ಇಲ್ಲ, ಬರೀ ಒಂದು ಗೀಟು. ಪಾಠ ಹೆಚ್ಚು ಪುಟ ಕೊಡುವುದು ದಪ್ಪ ಗೆರೆಗಳಿಗೆ. ಆದರೆ ಮುಂದಿನ ಯುದ್ಧದ ಕಾರಣಗಳು ಇರುವುದು ಖಾಲಿ ಜಾಗಗಳಲ್ಲಿ. ಅಳತೆಯಿಲ್ಲದ ಪಟ್ಟಿಯಲ್ಲಿ 1769ರ ಪಕ್ಕದಲ್ಲೇ 1780 ಬಂದು ಕೂತುಬಿಡುತ್ತದೆ, ನಡುವೆ ಏನು ನಡೆಯಿತು ಎಂಬ ಪ್ರಶ್ನೆಯೇ ಹುಟ್ಟುವುದಿಲ್ಲ. ಅಳತೆ ಹಾಕಿ ಎಳೆದಾಗ ಆ ಬಿಳಿ ಜಾಗವೇ ಪ್ರಶ್ನೆ ಕೇಳುತ್ತದೆ.

ಹಾಗಾದರೆ ಆ ಮೊದಲ ಖಾಲಿ ಜಾಗವನ್ನು ತುಂಬೋಣ. 1769ರಲ್ಲಿ ಹೈದರಾಲಿ ಮದರಾಸಿನ ಹೊರವಲಯದವರೆಗೆ ದಂಡೆತ್ತಿ ಹೋಗಿ ಕಂಪನಿಯಿಂದ ಒಪ್ಪಂದ ಪಡೆದ. ಗೆದ್ದ ಪ್ರದೇಶಗಳನ್ನು ಪರಸ್ಪರ ಹಿಂದಿರುಗಿಸಬೇಕು, ಮೂರನೆಯವರು ದಾಳಿ ಮಾಡಿದರೆ ಒಬ್ಬರಿಗೊಬ್ಬರು ನೆರವಾಗಬೇಕು ಎಂಬುದು ಷರತ್ತು. ಪೇಶ್ವೆ ಮಾಧವರಾಯರ ಕಾಲದ ಮರಾಠರು ಮೈಸೂರಿನ ಮೇಲೆ ಏರಿಬಂದು 1771ರಲ್ಲಿ ಚಿನಕುರಳಿಯ ಬಳಿ ಹೈದರನನ್ನು ಸೋಲಿಸಿದಾಗ ಕಂಪನಿ ನೆರವಿಗೆ ಬರಲಿಲ್ಲ. 1778ರಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧದಲ್ಲಿ ಫ್ರಾನ್ಸ್ ಬ್ರಿಟನ್ನಿನ ವಿರುದ್ಧ ನಿಂತಿತು. ಅದರ ಬೆನ್ನಿಗೆ 1779ರಲ್ಲಿ ಕಂಪನಿ ಮಲಬಾರ್ ಕರಾವಳಿಯ ಫ್ರೆಂಚ್ ನೆಲೆ ಮಾಹೆಯನ್ನು ಹಿಡಿಯಿತು. ಮಾಹೆ ತನ್ನ ರಕ್ಷಣೆಯಲ್ಲಿದೆ ಎಂದು ಹೈದರ್ ಹೇಳಿದ್ದ, ಅವನಿಗೆ ಫ್ರೆಂಚರ ಯುದ್ಧ ಸಾಮಗ್ರಿ ಇಳಿಯುತ್ತಿದ್ದದ್ದೂ ಅಲ್ಲಿಯೇ. 1780ರ ಜುಲೈನಲ್ಲಿ ಅವನ ಸೈನ್ಯ ಕರ್ನಾಟಿಕ್ ಪ್ರದೇಶಕ್ಕೆ ನುಗ್ಗಿತು.

ಇಲ್ಲಿ ಕಾಲರೇಖೆಯ ಕೆಲಸ ಮುಗಿದು ನಕ್ಷೆಯ ಕೆಲಸ ಶುರುವಾಗುತ್ತದೆ. ಪ್ರತಿ ಸಂಗತಿಗೂ ಒಂದು ಚೌಕ ಹಾಕಿ, ಚೌಕದಿಂದ ಚೌಕಕ್ಕೆ ಬಾಣ ಎಳೆಯಬೇಕು. ಬಾಣ ಎಳೆಯುವುದು ತೀರಾ ಸುಲಭ, ತಪ್ಪಾಗುವುದೂ ಅಲ್ಲೇ. ಅದಕ್ಕಾಗಿ ನಾನು ಒಂದು ನಿಯಮ ಪಟ್ಟು ಹಿಡಿದು ಹೇಳುತ್ತೇನೆ: ಪ್ರತಿ ಬಾಣದ ಮೇಲೆ ಎರಡು ಮೂರು ಮಾತು ಬರೆಯಲೇಬೇಕು. 1771ರ ಚೌಕದಿಂದ 1780ಕ್ಕೆ ಹೋಗುವ ಬಾಣದ ಮೇಲೆ ‘ಕೊಟ್ಟ ಮಾತು ತಪ್ಪಿದ್ದರಿಂದ ನಂಬಿಕೆ ಮುರಿಯಿತು’, ಮಾಹೆಯಿಂದ ಹೋಗುವ ಬಾಣದ ಮೇಲೆ ‘ಸಾಮಗ್ರಿಯ ದಾರಿ ಕಡಿಯಿತು’. ಏನೂ ಬರೆಯಲು ತೋಚದಿದ್ದರೆ ಆ ಬಾಣ ‘ಆದ್ದರಿಂದ’ ಎನ್ನುತ್ತಿಲ್ಲ, ಬರೀ ‘ಆಮೇಲೆ’ ಎನ್ನುತ್ತಿದೆ. ‘ಆಮೇಲೆ’ಯನ್ನು ಹೇಳಲು ಮೇಲಿನ ಕಾಲರೇಖೆ ಇದ್ದೇ ಇದೆ. ಅಂಥ ಬಾಣವನ್ನು ಅಳಿಸಿಬಿಡಿ.

ಈ ಎರಡು ಬಾಣಗಳೂ ಒಂದೇ ತೂಕದವಲ್ಲ. ಮುರಿದ ನಂಬಿಕೆ ಒಂಬತ್ತು ವರ್ಷ ಒಳಗೇ ಹೊಗೆಯಾಡಿದ ಕಾರಣ, ಮಾಹೆ ತಕ್ಷಣದ ಕಾರಣ. ಮೊದಲನೆಯದಕ್ಕೆ ಒಂಟಿ ಗೆರೆ, ತಕ್ಷಣದ್ದಕ್ಕೆ ಜೋಡಿ ಗೆರೆ ಹಾಕಿದರೆ ಸಾಕು. ತಕ್ಷಣದ ಕಾರಣ ಇಲ್ಲದಿದ್ದರೂ ಯುದ್ಧ ಇನ್ಯಾವಾಗಲಾದರೂ ಆಗುತ್ತಿತ್ತೇ ಎಂದು ಕೇಳಿಕೊಂಡರೆ ಯಾವುದು ಯಾವ ಬಗೆಯದು ಎಂದು ಸಾಮಾನ್ಯವಾಗಿ ಗೊತ್ತಾಗುತ್ತದೆ.

ಬಾಣ ಹೇಗೆ ಮೋಸ ಮಾಡುತ್ತದೆ ಎಂಬುದಕ್ಕೆ ಎರಡನೇ ಯುದ್ಧದ ಕೊನೆಯೇ ಒಳ್ಳೆಯ ಉದಾಹರಣೆ. ಹೈದರ್ 1782ರ ಡಿಸೆಂಬರ್‌ನಲ್ಲಿ ತೀರಿಕೊಂಡ. 1784ರ ಮಾರ್ಚ್‌ನಲ್ಲಿ ಮಂಗಳೂರು ಒಪ್ಪಂದವಾಯಿತು. ಹೈದರ್ ಸತ್ತದ್ದರಿಂದ ಸಂಧಿಯಾಯಿತು ಎಂದು ಬಾಣ ಎಳೆಯಲು ಕೈ ತಾನಾಗಿ ಓಡುತ್ತದೆ. ಆದರೆ ತಂದೆಯ ಸಾವಿನ ನಂತರವೂ ಟಿಪ್ಪು ಒಂದು ವರ್ಷಕ್ಕೂ ಹೆಚ್ಚು ಕಾಲ ಕಾದಾಡಿದ, ಮಂಗಳೂರಿನ ಕೋಟೆಗೆ ಮುತ್ತಿಗೆ ಹಾಕಿದ. ಹೆಚ್ಚು ಗಟ್ಟಿಯಾದ ಬಾಣ ಯುರೋಪಿನಿಂದ ಬರುತ್ತದೆ: 1783ರಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ನಡುವೆ ಶಾಂತಿಯಾಗಿ, ಟಿಪ್ಪುವಿನ ಜೊತೆಗಿದ್ದ ಫ್ರೆಂಚರು ಯುದ್ಧದಿಂದ ಹಿಂದೆ ಸರಿದರು. ಇನ್ನೊಂದು ಬಾಣ ಮರಾಠರ ಕಡೆಯಿಂದ. ಅವರು 1782ರ ಸಾಲ್ಬಾಯಿ ಒಪ್ಪಂದದ ಮೂಲಕ ಆಗಲೇ ಕಂಪನಿಯೊಂದಿಗೆ ರಾಜಿ ಮಾಡಿಕೊಂಡಿದ್ದರು. ಹೈದರನ ಸಾವು ಕಾಲರೇಖೆಯಲ್ಲಿ ಇರಲೇಬೇಕು, ಅವನ ನಂತರ ಪಾಠದ ನಾಯಕನೇ ಬದಲಾಗುತ್ತಾನೆ. ಆದರೆ ಸಂಧಿಗೆ ಕಾರಣವೆಂದು ನಕ್ಷೆಯಲ್ಲಿ ಅದಕ್ಕೆ ಜಾಗವಿಲ್ಲ.

ಇಂಥ ಬಾಣಗಳು ಸಿಗಬೇಕಾದರೆ ಕಾಲರೇಖೆಯ ಕೆಳಗೆ ಇನ್ನೊಂದು ತೆಳು ಗೆರೆ ಇರಬೇಕು. ಮೇಲಿನದರಲ್ಲಿ ಮೈಸೂರು ಮತ್ತು ಕಂಪನಿ, ಕೆಳಗಿನದರಲ್ಲಿ ಉಳಿದವರು: ಮರಾಠರು, ನಿಜಾಮ, ಫ್ರೆಂಚರು. ಅಳತೆ ಎರಡಕ್ಕೂ ಒಂದೇ.

ಕದನಗಳ ವಿಷಯದಲ್ಲಿ ಮಕ್ಕಳು ಮಾತ್ರವಲ್ಲ, ಪಾಠ ಹೇಳುವವರೂ ಕೈ ಬಿಗಿ ಹಿಡಿಯುವುದಿಲ್ಲ. 1780ರ ಪೊಲ್ಲಿಲೂರಿನಲ್ಲಿ ಕರ್ನಲ್ ಬೈಲಿಯ ಪಡೆ ಮೈಸೂರಿನ ಮುಂದೆ ನುಚ್ಚುನೂರಾಯಿತು. 1781ರ ಪೋರ್ಟೊನೋವೊದಲ್ಲಿ ಐರ್ ಕೂಟ್ ಹೈದರನನ್ನು ಸೋಲಿಸಿದ. ಎರಡಕ್ಕೂ ಬೇರೆ ಬೇರೆ ಚೌಕ ಹಾಕಿದರೆ ಬಾಣಗಳು ಎಲ್ಲಿಗೆ ಹೋಗಬೇಕೆಂದು ತಿಳಿಯದೆ ನಿಲ್ಲುತ್ತವೆ. ಎರಡನ್ನೂ ಸೇರಿಸಿ ‘ಯಾರಿಗೂ ಪೂರ್ತಿ ಗೆಲುವಿಲ್ಲ’ ಎಂದು ಒಂದೇ ಚೌಕ ಮಾಡಿ. ಅಲ್ಲಿಂದ ಮಂಗಳೂರು ಒಪ್ಪಂದಕ್ಕೆ ಬಾಣ ನೇರವಾಗಿ ಹೋಗುತ್ತದೆ. ಏಕೆಂದರೆ ಆ ಒಪ್ಪಂದದ ತಿರುಳು ಗೆದ್ದದ್ದನ್ನು ಇಬ್ಬರೂ ಹಿಂದಿರುಗಿಸುವುದು. ಪಾಠವನ್ನು ಸಂಗ್ರಹಿಸುವುದು ಎಂದರೆ ಇದೇ: ಎರಡು ಸಂಗತಿಗಳಿಂದ ಹೊಮ್ಮುವ ಒಂದೇ ಪರಿಣಾಮವನ್ನು ಗುರುತಿಸಿ ಅದಕ್ಕೆ ಹೆಸರಿಡುವುದು. ವಾಕ್ಯಗಳನ್ನು ಚಿಕ್ಕದಾಗಿ ಬರೆಯುವುದಷ್ಟೇ ಸಂಗ್ರಹವಲ್ಲ. ಇಡೀ ಪಾಠಕ್ಕೆ ಹದಿನೈದು ಚೌಕ ಮೀರಿದರೆ ಎಲ್ಲೋ ಸೇರಿಸಬೇಕಾದದ್ದನ್ನು ಸೇರಿಸಿಲ್ಲ ಎಂದು ನನ್ನ ಲೆಕ್ಕ.

ಮಂಗಳೂರು ಒಪ್ಪಂದ ಯಾರನ್ನೂ ಕುಗ್ಗಿಸಲಿಲ್ಲ, ಆದ್ದರಿಂದ ಪೈಪೋಟಿ ಹಾಗೇ ಉಳಿಯಿತು. ಇದು ಮೂರನೇ ಯುದ್ಧದ ಕಡೆಗೆ ಹೋಗುವ ಮೊದಲ ಬಾಣ. ಕೆಳಗಿನ ತೆಳು ಗೆರೆಯಲ್ಲಿ 1785ರಿಂದ 87ರವರೆಗೆ ಮರಾಠರು ಮತ್ತು ನಿಜಾಮ ಟಿಪ್ಪುವಿನ ಮೇಲೆ ಮಾಡಿದ ಯುದ್ಧವಿದೆ. ಅದು ನಮ್ಮ ಗಜೇಂದ್ರಗಡದಲ್ಲಿ ಆದ ಒಪ್ಪಂದದಿಂದ ನಿಂತಿತು. ನಾಲ್ಕು ಆಂಗ್ಲೋ-ಮೈಸೂರು ಯುದ್ಧಗಳ ಸಾಲಿನಲ್ಲಿ ಇದು ಬರದ ಕಾರಣ ಸುಲಭವಾಗಿ ಕೈಬಿಟ್ಟುಹೋಗುತ್ತದೆ. ಇದು ತಪ್ಪಿದರೆ 1790ರಲ್ಲಿ ಅವರಿಬ್ಬರೂ ಕಂಪನಿಯ ಜೊತೆ ಏಕೆ ಕೈಜೋಡಿಸಿದರು ಎಂಬುದು ಅರ್ಥವಾಗದು. ಜೋಡಿ ಗೆರೆಯ ಬಾಣ 1789ರ ಡಿಸೆಂಬರ್‌ನದು: ಕಂಪನಿಯ ಮಿತ್ರರಾಜ್ಯವಾದ ತಿರುವಾಂಕೂರಿನ ರಕ್ಷಣಾ ಗೋಡೆಯ ಮೇಲೆ ಟಿಪ್ಪುವಿನ ದಾಳಿ.

1792ರ ಶ್ರೀರಂಗಪಟ್ಟಣ ಒಪ್ಪಂದದ ಚೌಕವನ್ನು ಮಾತ್ರ ದೊಡ್ಡದಾಗಿ ಹಾಕಿ. ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಹಣ ತೀರುವವರೆಗೆ ಇಬ್ಬರು ಮಕ್ಕಳ ಒತ್ತೆ. ಅರ್ಧ ರಾಜ್ಯ ಹೋಯಿತೆಂದರೆ ಅದರ ಕಂದಾಯವೂ ಹೋಯಿತು. ಆ ನಷ್ಟದಿಂದ ಹೊರಡುವ ಬಾಣ ಫ್ರೆಂಚರ ನೆರವಿಗಾಗಿ ಟಿಪ್ಪು ಮಾಡಿದ ಪ್ರಯತ್ನಗಳಿಗೆ ಹೋಗುತ್ತದೆ. ಅಲ್ಲಿಂದ 1798ರಲ್ಲಿ ಗವರ್ನರ್ ಜನರಲ್ ಆಗಿ ಬಂದ ವೆಲ್ಲೆಸ್ಲಿಗೆ ಯುದ್ಧದ ನೆಪ ಸಿಗುತ್ತದೆ. ಅದೇ ವರ್ಷ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದಿದ್ದ, ನಿಜಾಮ ಸಹಾಯಕ ಸೈನ್ಯ ಪದ್ಧತಿಗೆ ಒಪ್ಪಿಕೊಂಡಿದ್ದ. ಈ ಬಾಣಗಳೆಲ್ಲ 1799ರ ಮೇ 4ಕ್ಕೆ ಬಂದು ಸೇರುತ್ತವೆ.

ಹಾಳೆ ಮುಗಿದ ಮೇಲೆ ಅದನ್ನು ಓದುವುದಕ್ಕೂ ಒಂದು ಕ್ರಮವಿದೆ. ‘ಮೂರನೇ ಯುದ್ಧದ ಕಾರಣಗಳೇನು’ ಎಂದರೆ ಆ ಚೌಕಕ್ಕೆ ಬಂದು ಸೇರುವ ಬಾಣಗಳನ್ನು ಓದಿ. ‘ಪರಿಣಾಮಗಳೇನು’ ಎಂದರೆ ಹೊರಡುವ ಬಾಣಗಳನ್ನು ಓದಿ. ಬಾಣದ ಮೇಲಿನ ಮಾತೇ ಉತ್ತರದ ವಾಕ್ಯವಾಗುತ್ತದೆ. ಆದರೆ ಮಾಡಿಟ್ಟ ಹಾಳೆಯನ್ನು ಮತ್ತೆ ಮತ್ತೆ ನೋಡುವುದು ರಿವಿಷನ್ ಅಲ್ಲ. ನೋಡಿದಾಗ ಎಲ್ಲವೂ ಗೊತ್ತಿರುವಂತೆ ಅನಿಸುತ್ತದೆ, ಅಷ್ಟೇ. ಎರಡು ದಿನ ಬಿಟ್ಟು, ಖಾಲಿ ಹಾಳೆಯಲ್ಲಿ ಮೊದಲು ಗೆರೆ ಮತ್ತು ನಾಲ್ಕು ದಪ್ಪ ಪಟ್ಟಿ, ಆಮೇಲೆ ಚೌಕ, ಕೊನೆಗೆ ಬಾಣ, ಇಷ್ಟನ್ನು ನೆನಪಿನಿಂದ ಬರೆಯಬೇಕು. ಮರೆತದ್ದನ್ನು ಹಳೆಯ ಹಾಳೆ ನೋಡಿ ಕೆಂಪು ಶಾಯಿಯಲ್ಲಿ ತುಂಬಬೇಕು. ಕೆಂಪು ಹೆಚ್ಚು ಕಂಡದ್ದು ಚೌಕಗಳಲ್ಲಾದರೆ ಇಸವಿ ಹೆಸರುಗಳು ಇನ್ನೂ ಕೂತಿಲ್ಲ, ಅಭ್ಯಾಸ ಸಾಕು. ಬಾಣಗಳ ಮೇಲಾದರೆ ಪಾಠದ ಆ ಪುಟವನ್ನೇ ಮತ್ತೆ ಓದಬೇಕು, ಏಕೆಂದರೆ ಅಲ್ಲಿ ಮರೆವಿಗಿಂತ ಅರ್ಥವಾಗದಿರುವುದೇ ಹೆಚ್ಚು.

ಈ ನಕ್ಷೆಗೆ ಒಂದು ಕೊರತೆಯೂ ಇದೆ. ಬಾಣಗಳೆಲ್ಲ ಒಂದೇ ಕಡೆ ಹರಿಯುವುದರಿಂದ 1767ರಲ್ಲೇ 1799 ಬರೆದಿಟ್ಟಿತ್ತು ಎಂಬಂತೆ ಕಾಣುತ್ತದೆ. ಹಾಗಿರಲಿಲ್ಲ. 1769ರಲ್ಲಿ ಷರತ್ತು ವಿಧಿಸುವ ಸ್ಥಾನದಲ್ಲಿದ್ದವನು ಹೈದರ್. ಅದಕ್ಕೆ ಬೇರೆ ದಾರಿಯೂ ಸಾಧ್ಯವಿದ್ದ ಒಂದೆರಡು ಚೌಕಗಳಿಂದ ಚುಕ್ಕೆ ಗೆರೆಯೊಂದನ್ನು ಎಳೆದು ಖಾಲಿ ಬಿಡುವುದನ್ನು ನಾನು ಇಷ್ಟಪಡುತ್ತೇನೆ. 1771ರಲ್ಲಿ ಕಂಪನಿ ಮಾತು ಉಳಿಸಿಕೊಂಡಿದ್ದರೆ? ಉತ್ತರ ಬರೆಯಬೇಕಿಲ್ಲ.

ಬಲಗಡೆಯ ಅಂಚನ್ನು ಖಾಲಿ ಬಿಟ್ಟಿದ್ದು ಮುಂದಿನ ಪಾಠಕ್ಕಾಗಿ. 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ ಮಾಡಿಕೊಂಡ ಒಪ್ಪಂದದಲ್ಲಿ, ಅಗತ್ಯ ಬಿದ್ದರೆ ರಾಜ್ಯದ ಆಡಳಿತವನ್ನು ಕಂಪನಿಯೇ ವಹಿಸಿಕೊಳ್ಳಬಹುದೆಂಬ ಷರತ್ತಿತ್ತು. ನಗರದ ರೈತ ದಂಗೆಯ ನಂತರ 1831ರಲ್ಲಿ ಬೆಂಟಿಂಕ್ ಅದನ್ನೇ ಬಳಸಿದ. ಆಡಳಿತ ಒಡೆಯರಿಗೆ ಮರಳಿದ್ದು 1881ರಲ್ಲಿ. ಆ ಬಾಣ ಈ ಹಾಳೆಯಲ್ಲಿ ಹಿಡಿಯುವುದಿಲ್ಲ. ಅಂಚಿಗೆ ಇನ್ನೊಂದು ಹಾಳೆ ಅಂಟಿಸಿ, ವರ್ಷಕ್ಕೆ 3 ಮಿಲಿಮೀಟರ್ ಅಳತೆಯಲ್ಲಿ ಗೆರೆ ಮುಂದುವರಿಸಬೇಕು.