ಅರ್ಧಕ್ಕೇ ಸಾಲ ತೀರಿಸಿದರೆ ಉಳಿಯುವುದು ಕಾಲು ಬಡ್ಡಿ

ಬೈಕಿಗೆ 60,000 ರೂಪಾಯಿ ಸಾಲ. ಶೇ 12ರ ಫ್ಲಾಟ್ ಬಡ್ಡಿ, ಎರಡು ವರ್ಷದ ಅವಧಿ. ಶೋರೂಮಿನ ಮೇಜಿನ ಮೇಲೇ ಮುಗಿದುಹೋಗುವ ಲೆಕ್ಕ ಇದು. ವರ್ಷಕ್ಕೆ 7,200ರಂತೆ ಎರಡು ವರ್ಷಕ್ಕೆ 14,400 ಬಡ್ಡಿ. ಅಸಲಿಗೆ ಕೂಡಿಸಿದರೆ 74,400. ಅದನ್ನು 24ರಿಂದ ಭಾಗಿಸಿದರೆ ತಿಂಗಳ ಕಂತು 3,100.

ಒಂದು ವರ್ಷ ತಪ್ಪದೆ ಕಂತು ಕಟ್ಟಿದ ಮೇಲೆ ಚೀಟಿ ದುಡ್ಡು ಕೈಗೆ ಬಂತು ಅನ್ನಿ. ಉಳಿದ ಸಾಲವನ್ನು ಒಂದೇ ಸಲಕ್ಕೆ ತೀರಿಸಿಬಿಡೋಣ ಎಂದು ಫೈನಾನ್ಸ್ ಕಚೇರಿಗೆ ಹೋಗುತ್ತೀರಿ. ಅರ್ಧ ಅವಧಿ ಮುಗಿದಿದೆ, ಇನ್ನರ್ಧ ಅವಧಿಯ ಬಡ್ಡಿ 7,200 ಬಿಟ್ಟುಕೊಡುತ್ತಾರೆ ಎಂಬುದು ನಿಮ್ಮ ಮನಸ್ಸಿನ ಲೆಕ್ಕ. ಕಚೇರಿಯವರು ಕೊಡುವ ಕಾಗದದಲ್ಲಿ ರಿಬೇಟ್ 3,744 ಎಂದಿರುತ್ತದೆ. ಕಟ್ಟಬೇಕಾದದ್ದು 33,456. ಜಗಳ ಶುರುವಾಗುವುದು ಇಲ್ಲೇ. ಆದರೆ ಆ ಕಾಗದದಲ್ಲಿ ಮೋಸವೇನೂ ಇಲ್ಲದಿರಬಹುದು. ಅದು ಅಂಕಿಗಳ ಮೊತ್ತದ ವಿಧಾನ; ಬಿ.ಕಾಂ. ಓದಿದವರಿಗೆ ಹೈರ್ ಪರ್ಚೇಸ್ ಪಾಠದಲ್ಲಿ ಸಿಕ್ಕಿರುತ್ತದೆ.

ಇದರ ಹಿಂದಿನ ಯೋಚನೆ ಸರಳ. ಮೊದಲ ತಿಂಗಳು ಸಾಲದ ಪೂರ್ತಿ ಹಣ ನಿಮ್ಮ ಬಳಿ ಇತ್ತು. ಆಗ ಇನ್ನೂ 24 ಕಂತು ಬಾಕಿ. ಎರಡನೇ ತಿಂಗಳು 23 ಬಾಕಿ, ಕೊನೆಯ ತಿಂಗಳು ಒಂದೇ ಬಾಕಿ. ಹೆಚ್ಚು ಹಣ ಬಳಸಿದ ತಿಂಗಳಿಗೆ ಹೆಚ್ಚು ಬಡ್ಡಿ ಬೀಳುವುದು ನ್ಯಾಯವೇ. ಹಾಗಾಗಿ ಒಟ್ಟು ಬಡ್ಡಿಯನ್ನು 24, 23, 22 ಹೀಗೆ ಇಳಿಯುತ್ತಾ 1ರವರೆಗೆ ಪಾಲು ಹಾಕುತ್ತಾರೆ. ಈ ಎಲ್ಲ ಅಂಕಿಗಳನ್ನು ಕೂಡಿದರೆ 300. ಒಂದೊಂದಾಗಿ ಕೂಡುವ ಕಷ್ಟವೂ ಬೇಡ: 24ನ್ನು 25ರಿಂದ ಗುಣಿಸಿ ಅರ್ಧ ಮಾಡಿದರೆ ಸಾಕು. 14,400ನ್ನು 300 ಪಾಲು ಮಾಡಿದರೆ ಒಂದು ಪಾಲಿಗೆ 48 ರೂಪಾಯಿ. ಮೊದಲ ತಿಂಗಳ ಬಡ್ಡಿ 24 ಪಾಲು, ಅಂದರೆ 1,152. ಕೊನೆಯ ತಿಂಗಳದು ಬರೀ 48.

ಹನ್ನೆರಡು ಕಂತು ಬಾಕಿ ಇರುವಾಗ ಸಾಲ ಮುಗಿಸಿದರೆ, ಇನ್ನೂ ಬರಬೇಕಿದ್ದ ಪಾಲುಗಳು 12ರಿಂದ 1ರವರೆಗಿನವು. ಅವುಗಳ ಮೊತ್ತ 78. 78 ಪಾಲಿಗೆ 48ರಂತೆ 3,744. ಕಚೇರಿಯ ಕಾಗದದಲ್ಲಿದ್ದ ಅಂಕಿ ಇದೇ. ಒಂದು ವರ್ಷದ ಸಾಲದ ಅಂಕಿಗಳ ಮೊತ್ತವೂ 78 ಆಗುವುದರಿಂದಲೇ ಈ ಪದ್ಧತಿಗೆ ‘78ರ ನಿಯಮ’ ಎಂಬ ಹೆಸರೂ ಇದೆ. ಕ್ಯಾಲ್ಕುಲೇಟರ್ ಇಲ್ಲದ ಕಾಲದಲ್ಲಿ ಗುಮಾಸ್ತ ಪೆನ್ಸಿಲ್ಲಿನಲ್ಲೇ ಮಾಡಿ ಮುಗಿಸಬಹುದಾಗಿದ್ದ ಲೆಕ್ಕ. ಅದು ಹಬ್ಬಿದ್ದೂ ಆ ಅನುಕೂಲದಿಂದಲೇ.

ಹಾಗಾದರೆ ನಿಮಗೆ ನಷ್ಟವಾಯಿತೇ? ಆಯಿತು, ಆದರೆ ನೀವು ಅಂದುಕೊಂಡಷ್ಟಲ್ಲ. ಇದೇ ಸಾಲವನ್ನು ಇಳಿಕೆ ಬಾಕಿಯ ಮೇಲೆ, ಅಂದರೆ ರಿಡ್ಯೂಸಿಂಗ್ ಬ್ಯಾಲೆನ್ಸ್ ಪದ್ಧತಿಯಲ್ಲಿ ನೋಡಿದರೆ ಬಡ್ಡಿ ದರ ಶೇ 12 ಅಲ್ಲ, ಸುಮಾರು ಶೇ 21.6. ಆ ದರದಲ್ಲಿ ಹನ್ನೆರಡು ಕಂತಿನ ನಂತರದ ನಿಜವಾದ ಬಾಕಿ ಸುಮಾರು 33,195. ಕಚೇರಿಯವರು ಕೇಳಿದ್ದು 33,456. ವ್ಯತ್ಯಾಸ 260 ರೂಪಾಯಿಯ ಆಸುಪಾಸು. 7,200 ಸಿಗುತ್ತದೆಂದು ಹೋದವರಿಗೆ ಅತ್ಯಂತ ನ್ಯಾಯವಾದ ಲೆಕ್ಕದಲ್ಲೂ ಸಿಗುತ್ತಿದ್ದದ್ದು 4,005ರಷ್ಟೇ. ಮಿಕ್ಕ ನಿರಾಸೆಗೆ 78ರ ನಿಯಮ ಕಾರಣವಲ್ಲ, ಫ್ಲಾಟ್ ಬಡ್ಡಿ ಎಂಬ ಮಾತೇ ಕಾರಣ. ಜನ ಬೈಯುವುದು ಮಾತ್ರ ಸಾಲ ಮುಗಿಸುವ ದಿನ ಕೌಂಟರಿನಲ್ಲಿ ಕೂತವನನ್ನು.

ಆ 260 ರೂಪಾಯಿ ಎಲ್ಲಿಂದ ಬಂತು? ಅಂಕಿಗಳ ಮೊತ್ತದ ವಿಧಾನ ಪ್ರತಿ ತಿಂಗಳೂ ಅಸಲು ಸಮನಾಗಿ ಇಳಿಯುತ್ತದೆ ಎಂದು ಭಾವಿಸುತ್ತದೆ. ನಿಜದಲ್ಲಿ ಹಾಗಾಗುವುದಿಲ್ಲ. ಮೊದಮೊದಲ ಕಂತುಗಳಲ್ಲಿ ಬಡ್ಡಿಯ ಭಾಗ ದೊಡ್ಡದು, ಅಸಲು ನಿಧಾನವಾಗಿ ಕರಗುತ್ತದೆ. ಆದ್ದರಿಂದ ಮಧ್ಯದ ತಿಂಗಳುಗಳಿಗೂ ಸಾಕಷ್ಟು ಬಡ್ಡಿ ಸೇರಬೇಕು. ಈ ವಿಧಾನ ಅದರಲ್ಲೊಂದಿಷ್ಟನ್ನು ಎಳೆದು ಮೊದಲ ತಿಂಗಳುಗಳ ತಲೆಗೆ ಕಟ್ಟುತ್ತದೆ. ಸಾಲವನ್ನು ಕೊನೆಯವರೆಗೂ ಕಟ್ಟಿದವರಿಗೆ ಒಂದು ಪೈಸೆಯೂ ವ್ಯತ್ಯಾಸವಿಲ್ಲ. ನಡುವೆ ಬಿಟ್ಟು ಹೋಗುವವರಿಗೆ ಮಾತ್ರ ಏಟು.

ಅವಧಿ ಉದ್ದವಾದಷ್ಟೂ ಏಟು ದೊಡ್ಡದು. ಕಾರಿಗೆ ಅದೇ ಶೇ 12ರ ಫ್ಲಾಟ್ ದರದಲ್ಲಿ 6 ಲಕ್ಷ ಸಾಲ, ಐದು ವರ್ಷ, ಕಂತು 16,000 ಎಂದಿಟ್ಟುಕೊಳ್ಳಿ. ಒಂದು ವರ್ಷದಲ್ಲಿ 1,92,000 ಕಟ್ಟಿ ಸಾಲ ಮುಗಿಸಲು ಹೋದರೆ ಈ ವಿಧಾನದಲ್ಲಿ ಬಾಕಿ 5,36,656. ಇಳಿಕೆ ಬಾಕಿಯ ಲೆಕ್ಕದಲ್ಲಿ ಅದು ಸುಮಾರು 5,22,950. ಹದಿಮೂರು ಸಾವಿರಕ್ಕೂ ಹೆಚ್ಚು ವ್ಯತ್ಯಾಸ. ಹತ್ತು ವರ್ಷಕ್ಕೆ ಎಳೆದರಂತೂ ಲೆಕ್ಕ ನಗೆಪಾಟಲಾಗುತ್ತದೆ: ಅದೇ ದರದಲ್ಲಿ ಒಂದು ಲಕ್ಷಕ್ಕೆ ಕಂತು 1,833, ಆದರೆ ಮೊದಲ ತಿಂಗಳ ಪಾಲಿನ ಬಡ್ಡಿ 1,983. ಕಂತು ಕಟ್ಟಿದ ಮೇಲೂ ಬಾಕಿ ಒಂದು ಲಕ್ಷ ದಾಟಿ 150 ರೂಪಾಯಿ ಮೇಲೇರುತ್ತದೆ! ಅಮೆರಿಕ 1992ರಲ್ಲಿ 61 ತಿಂಗಳಿಗಿಂತ ಉದ್ದದ ಗ್ರಾಹಕ ಸಾಲಗಳಲ್ಲಿ ಈ ವಿಧಾನ ಬಳಸಬಾರದೆಂದು ಕಾನೂನು ಮಾಡಿತು. ಬ್ರಿಟನ್ 2004ರ ನಿಯಮಗಳ ಮೂಲಕ ಇದನ್ನು ಬಿಟ್ಟು ನಿಜವಾದ ಬಾಕಿಯ ಲೆಕ್ಕಕ್ಕೆ ಬಂತು.

ನಿಮ್ಮ ಸಾಲ ಯಾವ ವಿಧಾನದಲ್ಲಿದೆ ಎಂದು ತಿಳಿಯಲು ಕಂತಿನ ಪಟ್ಟಿಯಲ್ಲಿ ಬಡ್ಡಿಯ ಕಾಲಂ ನೋಡಿ. ತಿಂಗಳಿಂದ ತಿಂಗಳಿಗೆ ಬಡ್ಡಿ ಒಂದೇ ಮೊತ್ತದಷ್ಟು ಇಳಿಯುತ್ತಿದ್ದರೆ, ನಮ್ಮ ಬೈಕ್ ಸಾಲದಂತೆ 1,152, 1,104, 1,056 ಎಂದು ಪ್ರತಿ ಸಲವೂ 48 ಕಡಿಮೆಯಾಗುತ್ತಿದ್ದರೆ, ಅದು ಅಂಕಿಗಳ ಮೊತ್ತ. ಇಳಿಕೆ ಬಾಕಿಯ ಪಟ್ಟಿಯಲ್ಲಿ ಬಡ್ಡಿ 1,079ರಿಂದ ಶುರುವಾಗಿ ಮೊದಲು 36, ಆಮೇಲೆ 37, ಹೀಗೆ ಇಳಿಕೆಯೇ ಸ್ವಲ್ಪಸ್ವಲ್ಪ ಹೆಚ್ಚುತ್ತಾ ಹೋಗುತ್ತದೆ. 2024ರ ಅಕ್ಟೋಬರ್ 1ರಿಂದ ಮಂಜೂರಾದ ಚಿಲ್ಲರೆ ಸಾಲಗಳಿಗೆ ಬ್ಯಾಂಕು ಮತ್ತು ಫೈನಾನ್ಸ್ ಕಂಪನಿಗಳು ‘ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್’ ಕೊಡಬೇಕೆಂದು ರಿಸರ್ವ್ ಬ್ಯಾಂಕ್ ಹೇಳಿದೆ. ಅದರಲ್ಲಿ ವಾರ್ಷಿಕ ನಿಜ ದರವೂ ಕಂತಿನ ಪಟ್ಟಿಯೂ ಇರುತ್ತವೆ. ಶೇ 12 ಎಂದು ಬಾಯಲ್ಲಿ ಹೇಳಿದವರು ಅಲ್ಲಿ 21 ದಾಟಿದ ಅಂಕಿ ಬರೆಯಲೇಬೇಕಾಗುತ್ತದೆ.

ಇನ್ನು ದಿನಾಂಕದ ವಿಷಯ. ರಿಬೇಟ್ ಲೆಕ್ಕ ಪೂರ್ತಿ ಉಳಿದ ಕಂತುಗಳ ಮೇಲೆ ನಡೆಯುತ್ತದೆ. ಕಂತಿನ ದಿನ ಕಳೆದು ನಾಲ್ಕು ದಿನವಾದ ಮೇಲೆ ಹೋದರೆ ಆ ಇಡೀ ತಿಂಗಳ ಪಾಲನ್ನು ನಿಮ್ಮ ಲೆಕ್ಕಕ್ಕೆ ಬರೆದುಕೊಳ್ಳುವುದುಂಟು. ಕಂತು ಕಟ್ಟುವ ದಿನವೇ ಮುಗಿಸುವುದು ಲೇಸು.

ಕೊನೆಯ ಕಂತುಗಳಲ್ಲಿ ಹೋಗುವವರು ಮಾತ್ರ ಮನೆಯಲ್ಲೇ ಲೆಕ್ಕ ಹಾಕಿ ಹೊರಡಿ. ನಮ್ಮ ಬೈಕ್ ಸಾಲದಲ್ಲಿ ನಾಲ್ಕೇ ಕಂತು ಬಾಕಿ ಎಂದುಕೊಳ್ಳಿ. ಉಳಿದ ಪಾಲು 4, 3, 2, 1 ಸೇರಿ ಹತ್ತು, ರಿಬೇಟ್ 480 ರೂಪಾಯಿ, ಕಟ್ಟಬೇಕಾದದ್ದು 11,920. ಒಪ್ಪಂದದಲ್ಲಿ ಬಾಕಿಯ ಮೇಲೆ ಶೇ 4 ಫೋರ್‌ಕ್ಲೋಷರ್ ಶುಲ್ಕ ಇದ್ದರೆ ಅದು 477, ಅದರ ಮೇಲೆ ಶೇ 18 ಜಿಎಸ್‌ಟಿ 86. ಒಟ್ಟು 563. ಸಾಲ ಬೇಗ ತೀರಿಸಿದ್ದಕ್ಕೆ ಕೈಯಿಂದ 83 ರೂಪಾಯಿ ಹೆಚ್ಚು ಹೋಯಿತು. ನಾಲ್ಕು ಕಂತನ್ನು ಅದರದರ ತಿಂಗಳಿಗೆ ಕಟ್ಟಿಕೊಂಡಿದ್ದರೆ ಅದು ಉಳಿಯುತ್ತಿತ್ತು, ಹಣವೂ ಅಷ್ಟು ದಿನ ನಿಮ್ಮ ಬಳಿಯೇ ಇರುತ್ತಿತ್ತು.