ಬೆಣ್ಣೆಯೊಳಗಿನ ನೀರು, ತುಪ್ಪದ ಬೆಲೆ

ಬೆಣ್ಣೆಯ ಮುದ್ದೆಯನ್ನು ಚಾಕುವಿನಿಂದ ಕೊಯ್ದು, ಕೊಯ್ದ ಮುಖವನ್ನು ಬೆಳಕಿಗೆ ಹಿಡಿದು ನೋಡಬೇಕು. ಹದವಾಗಿ ಕಡೆದು, ಚೆನ್ನಾಗಿ ಹಿಂಡಿದ ಬೆಣ್ಣೆಯಾದರೆ ಆ ಮುಖ ಮಂಕಾಗಿ, ಒಣಗಿದಂತೆ ಕಾಣುತ್ತದೆ. ನೀರು ಹೆಚ್ಚಿದ್ದರೆ ಸಾಸಿವೆಗಿಂತ ಚಿಕ್ಕ ಹನಿಗಳು ಅಲ್ಲಲ್ಲಿ ಹೊಳೆಯುತ್ತವೆ. ಚಾಕುವಿನ ಅಗಲ ಭಾಗದಿಂದ ಒತ್ತಿದರೆ ಅವು ಒಂದಕ್ಕೊಂದು ಕೂಡಿ ಅಂಚಿನಿಂದ ಇಳಿಯುತ್ತವೆ. ಮನೆಯಲ್ಲಿ ಕಾಯಿಸಿದ ತುಪ್ಪ ಕಿಲೋಗೆ ಎಷ್ಟು ಬಿತ್ತು ಎಂಬ ಲೆಕ್ಕ ಶುರುವಾಗುವುದು ಈ ಹನಿಗಳಿಂದಲೇ. ಬೆಣ್ಣೆ ಕೊಳ್ಳುವಾಗ ನಾವು ಕೊಬ್ಬಿಗೂ ನೀರಿಗೂ ಒಂದೇ ದರ ಕೊಡುತ್ತೇವೆ. ಒಲೆಯ ಮೇಲೆ ನೀರು ಹೋಗುತ್ತದೆ, ಅದಕ್ಕೆ ಕೊಟ್ಟ ಹಣ ಉಳಿದ ತುಪ್ಪದ ತಲೆಯ ಮೇಲೆ ಕೂರುತ್ತದೆ.

ಪೊಟ್ಟಣದಲ್ಲಿ ಬರುವ ಟೇಬಲ್ ಬೆಣ್ಣೆಯಲ್ಲಿ ನೂರಕ್ಕೆ ಕನಿಷ್ಠ 80 ಪಾಲು ಹಾಲಿನ ಕೊಬ್ಬು ಇರಬೇಕು, ನೀರು 16 ಪಾಲು ಮೀರಬಾರದು ಎಂಬ ನಿಯಮವಿದೆ. ಅದಕ್ಕೆ ಉಪ್ಪು ಹಾಕಿದ್ದರೆ ಆ ಉಪ್ಪೂ ಕೊನೆಗೆ ಗಸಿಯಲ್ಲೇ ಉಳಿಯುತ್ತದೆ, ಹಾಗಾಗಿ ತುಪ್ಪ ಕಾಯಿಸಲು ಉಪ್ಪಿಲ್ಲದ ಬಿಳಿ ಬೆಣ್ಣೆಯೇ ಸರಿ. ಸಂತೆಯಲ್ಲಿ, ಮನೆಬಾಗಿಲಲ್ಲಿ ಸಿಗುವ ಬೆಣ್ಣೆಗೆ ಇಂಥ ಚೀಟಿ ಇರುವುದಿಲ್ಲ. ನೀರು ತುಂಬಿದ ಪಾತ್ರೆಯಲ್ಲಿ ತೇಲುವ ಮುದ್ದೆಯನ್ನು ಕೈಯಿಂದ ಎತ್ತಿ, ಎರಡು ಸಲ ಅತ್ತಿತ್ತ ತಟ್ಟಿ ತಕ್ಕಡಿಗೆ ಹಾಕುತ್ತಾರೆ. ಹಾವೇರಿ ಕಡೆಯ ಒಂದು ಸಂತೆಯಲ್ಲಿ ಬೆಣ್ಣೆ ಮಾರುವ ಹೆಂಗಸಿಗೆ ಇನ್ನಷ್ಟು ಹಿಂಡಿ ಕೊಡಲು ಕೇಳಿದಾಗ ಆಕೆ ಹೇಳಿದ ಮಾತು ನನಗೆ ಬಹಳ ಹಿಡಿಸಿತು: "ಮ್ಯಾಲಿನ ನೀರು ಹಿಂಡಿ ಕೊಡತೀನ್ರಿ ಅಕ್ಕಾರ. ಒಳಗಿನ ನೀರು ನಿಮ್ಮ ಒಲಿನ ತಗೀಬೇಕು."

ಒಳಗಿನ ನೀರು ಎಷ್ಟಿರುತ್ತದೆ ಎಂಬುದು ಮಾರುವವರ ಕೈಯೊಂದರಲ್ಲೇ ಇಲ್ಲ. ಅದು ಹವೆಯಲ್ಲೂ ಮೇವಿನಲ್ಲೂ ಇದೆ. ಬೇಸಿಗೆಯ ಬಿಸಿಯಲ್ಲಿ ಕಡೆದ ಬೆಣ್ಣೆ ಜಿಡ್ಡಾಗಿ, ಮೆತ್ತಗೆ ಬರುತ್ತದೆ, ಮಜ್ಜಿಗೆಯನ್ನು ತನ್ನೊಳಗೇ ಹಿಡಿದಿಟ್ಟುಕೊಳ್ಳುತ್ತದೆ. ಬೆಳಗಿನ ಜಾವದ ತಂಪಿನಲ್ಲಿ, ತಣ್ಣೀರು ಹಾಕಿ ಕಡೆದರೆ ಕಾಳುಕಾಳಾಗಿ ಬಿಡಿಸಿಕೊಂಡು ತೇಲುತ್ತದೆ; ಅದನ್ನು ತೊಳೆದು ಹಿಂಡಿದರೆ ನೀರು ಸಲೀಸಾಗಿ ಬಿಡುತ್ತದೆ. ಮಳೆ ಬಿದ್ದು ಹಸಿಹುಲ್ಲು ಎದ್ದ ಮೇಲೆ ದನಗಳ ಹಾಲಿನ ಕೊಬ್ಬೇ ಮೃದುವಾಗುತ್ತದೆ, ಹಸುವಿನ ಬೆಣ್ಣೆಯ ಹಳದಿ ಗಾಢವಾಗುತ್ತದೆ. ಹುಲ್ಲಿನ ಹಳದಿ ಬಣ್ಣ ಹಸುವಿನ ಹಾಲಿಗೆ ಇಳಿಯುತ್ತದೆ. ಎಮ್ಮೆ ಅದನ್ನು ಎ ಜೀವಸತ್ವವಾಗಿ ಮಾರ್ಪಡಿಸಿಬಿಡುವುದರಿಂದ ಅದೇ ಹುಲ್ಲು ತಿಂದರೂ ಎಮ್ಮೆ ಬೆಣ್ಣೆ ಬೆಳ್ಳಗೇ ಉಳಿಯುತ್ತದೆ. ಹತ್ತಿಕಾಳು ತಿನ್ನಿಸುವ ಕಡೆ ಬೆಣ್ಣೆ ಗಟ್ಟಿ. ಹೀಗಾಗಿ ಒಂದೇ ಮನೆಯ ಬೆಣ್ಣೆಯೂ ವರ್ಷವಿಡೀ ಒಂದೇ ಪ್ರಮಾಣದ ತುಪ್ಪ ಕೊಡುವುದಿಲ್ಲ. ಬಣ್ಣ ನೋಡಿ ಇಳುವರಿ ಹೇಳಲು ಆಗದು. ತೂಗಿಯೇ ತಿಳಿಯಬೇಕು.

ತೂಗುವುದಕ್ಕೆ ಅಡುಗೆಮನೆಯ ಸಣ್ಣ ಡಿಜಿಟಲ್ ತಕ್ಕಡಿ ಸಾಕು. ಮೊದಲು ಬರಿಯ ಪಾತ್ರೆಯನ್ನು, ಅದರಲ್ಲೇ ಇರಲಿರುವ ಸೌಟಿನ ಜೊತೆ, ತೂಗಿ ಬರೆದಿಟ್ಟುಕೊಳ್ಳಬೇಕು. ತಳ ದಪ್ಪಗಿರುವ, ಬೆಣ್ಣೆಯ ಎರಡರಷ್ಟಾದರೂ ಹಿಡಿಯುವ ಪಾತ್ರೆ ಬೇಕು, ಏಕೆಂದರೆ ನೊರೆ ಏರುತ್ತದೆ. ಬೆಣ್ಣೆ ಕರಗಿದಾಗ ಮೂರು ಪದರ ಕಾಣುತ್ತವೆ: ಮೇಲೆ ನೊರೆ, ನಡುವೆ ತಿಳಿಯಾದ ಕೊಬ್ಬು, ಕೆಳಗೆ ಹಾಲುಬಣ್ಣದ ನೀರು. ಆ ಕೆಳಗಿನ ನೀರು ಕುದಿಯತೊಡಗಿದಾಗ ದೊಡ್ಡ ದೊಡ್ಡ ಗುಳ್ಳೆಗಳು, ಚಟಚಟ ಸದ್ದು. ಈ ಹಂತದಲ್ಲಿ ಎಷ್ಟು ಉರಿ ಕೊಟ್ಟರೂ ಪಾತ್ರೆಯೊಳಗಿನ ಬಿಸಿ 100 ಡಿಗ್ರಿಯ ಸುತ್ತಮುತ್ತಲೇ ನಿಂತಿರುತ್ತದೆ. ಶಾಖವೆಲ್ಲ ನೀರನ್ನು ಆವಿ ಮಾಡುವುದಕ್ಕೆ ಹೋಗುತ್ತದೆ. ನೀರು ತೀರುತ್ತ ಬಂದಂತೆ ಗುಳ್ಳೆ ಸಣ್ಣದಾಗುತ್ತದೆ, ಸದ್ದು ಇಳಿಯುತ್ತದೆ, ಬಿಸಿ ಒಮ್ಮೆಗೇ ಮೇಲೇರತೊಡಗುತ್ತದೆ. 110ರಿಂದ 120 ಡಿಗ್ರಿಯ ನಡುವೆ ತಳದ ಬಿಳಿ ಕಣಗಳು ಹೊಂಬಣ್ಣಕ್ಕೆ ತಿರುಗುತ್ತವೆ. ಆಗಲೇ ಎರಡನೆಯ ಸಲ ನೊರೆ ಬರುತ್ತದೆ, ಮೊದಲಿನದಕ್ಕಿಂತ ತೀರ ನವಿರಾದದ್ದು. ಉರಿ ಆರಿಸಬೇಕಾದ ಹೊತ್ತು ಅದು. ಇದೇ ಹೊತ್ತಿಗೆ ನಮ್ಮಲ್ಲಿ ಹಾಕುವ ವೀಳ್ಯದೆಲೆ ಅಥವಾ ನುಗ್ಗೆಸೊಪ್ಪಿನ ಎಸಳು ಘಮಕ್ಕಷ್ಟೇ ಅಲ್ಲ, ಬಿಸಿ ಅಳೆಯುವುದಕ್ಕೂ ಆಗುತ್ತದೆ: ನೀರು ಇನ್ನೂ ಇದ್ದರೆ ಎಲೆ ಬೆಂದು ಬಾಡುತ್ತದೆ, ನೀರು ಹೋಗಿದ್ದರೆ ಚಟ್ಟೆಂದು ಸಿಡಿದು ಗರಿಗರಿಯಾಗುತ್ತದೆ.

ಕಣ್ಣು, ಕಿವಿಗಳ ಮೇಲೆ ನಂಬಿಕೆ ಸಾಲದಿದ್ದರೆ ತಕ್ಕಡಿಯೂ ಹೇಳುತ್ತದೆ. ಪಾತ್ರೆಯನ್ನು ಎಚ್ಚರದಿಂದ ಇಳಿಸಿ, ಮಡಿಸಿದ ದಪ್ಪ ಬಟ್ಟೆಯ ಮೇಲಿಟ್ಟು ತೂಗಿ, ಮತ್ತೆ ಒಲೆಗೆ ಇಡಬೇಕು. ತೂಕ ಇಳಿಯುತ್ತಿರುವವರೆಗೆ ನೀರು ಇದೆ. ಇಳಿಯುವುದು ನಿಂತರೆ ತುಪ್ಪವಾಗಿದೆ.

ಈಗ ಒಂದು ಲೆಕ್ಕ. ಬೆಣ್ಣೆ 2 ಕಿಲೋ, ದರ ಕಿಲೋಗೆ 560 ರೂಪಾಯಿ ಎಂದು ಇಟ್ಟುಕೊಳ್ಳೋಣ. ಕೊಟ್ಟದ್ದು 1,120 ರೂಪಾಯಿ. ಕಾಯಿಸಿ, ಗಸಿ ತಳ ಸೇರಲು ಬಿಟ್ಟು, ಬೆಚ್ಚಗಿರುವಾಗಲೇ ಬಟ್ಟೆಯಲ್ಲಿ ಸೋಸಿ ತೂಗಿದರೆ ತುಪ್ಪ 1,590 ಗ್ರಾಂ. ಬಟ್ಟೆಯಲ್ಲಿ ಉಳಿದ ಗಸಿ 80 ಗ್ರಾಂ. ಪಾತ್ರೆ, ಸೌಟು, ಬಟ್ಟೆಗಳಿಗೆ ಅಂಟಿದ್ದು 15 ಗ್ರಾಂ. ಇದು ಕಾಯಿಸಿದ ಮೇಲೆ ಅವನ್ನು ಮತ್ತೆ ತೂಗಿದರೆ ಗೊತ್ತಾಗುತ್ತದೆ. ಉಳಿದ 315 ಗ್ರಾಂ ಆವಿಯಾಗಿ ಹೋದ ನೀರು. ನಾಲ್ಕೂ ಕೂಡಿದರೆ ಸರಿಯಾಗಿ 2 ಕಿಲೋ ಆಗಬೇಕು. ಆಗದಿದ್ದರೆ ಎಲ್ಲೋ ಚೆಲ್ಲಿದೆ, ಇಲ್ಲವೇ ಪಾತ್ರೆಯ ತೂಕ ಕಳೆಯುವುದು ತಪ್ಪಿದೆ.

1,120ನ್ನು 1.59ರಿಂದ ಭಾಗಿಸಿದರೆ ತುಪ್ಪ ಕಿಲೋಗೆ ಸುಮಾರು 704 ರೂಪಾಯಿ. ಗ್ಯಾಸು ಇದರಲ್ಲಿ ಬಹಳ ಚಿಕ್ಕದು. ಇಷ್ಟು ಬೆಣ್ಣೆಗೆ ಅರವತ್ತು ಗ್ರಾಮಿನಷ್ಟು ಗ್ಯಾಸು ಉರಿದೀತು, 14.2 ಕಿಲೋ ಸಿಲಿಂಡರಿಗೆ 900 ರೂಪಾಯಿ ಎಂದರೆ ಅದು ನಾಲ್ಕು ರೂಪಾಯಿಯ ಆಸುಪಾಸು. ಕಿಲೋ ತುಪ್ಪಕ್ಕೆ ಎರಡೂವರೆ ರೂಪಾಯಿ ಸೇರಿಸಿ 707 ಎನ್ನಬಹುದು.

ಇಲ್ಲಿ ಬಹಳ ಮನೆಗಳಲ್ಲಿ ಒಂದು ಎಡವಟ್ಟು ಆಗುತ್ತದೆ. ತೂಕದಲ್ಲಿ ನೂರಕ್ಕೆ ಇಪ್ಪತ್ತೂವರೆ ಕಡಿಮೆಯಾಯಿತು, ಆದ್ದರಿಂದ 560ಕ್ಕೆ ಇಪ್ಪತ್ತೂವರೆ ಪಾಲು ಸೇರಿಸಿದರಾಯಿತು ಎಂದುಕೊಂಡು 675 ರೂಪಾಯಿ ಎಂದು ಬರೆದಿಡುತ್ತಾರೆ. ಕಿಲೋಗೆ ಸುಮಾರು 30 ರೂಪಾಯಿ ಕಡಿಮೆ ತೋರಿತು. ಕಳೆದುಹೋದ ಪಾಲನ್ನು ದರಕ್ಕೆ ಸೇರಿಸುವುದಲ್ಲ, ಉಳಿದ ಪಾಲಿನಿಂದ ದರವನ್ನು ಭಾಗಿಸಬೇಕು. 560ನ್ನು 0.795ರಿಂದ ಭಾಗಿಸಿದರೆ ಮತ್ತೆ ಅದೇ 704 ಬರುತ್ತದೆ. ಮನೆಯಲ್ಲೇ ಕಾಯಿಸಿ ಮಾರುವ ಹೆಣ್ಣುಮಕ್ಕಳು ಈ 30 ರೂಪಾಯಿಯನ್ನು ತಮ್ಮ ದುಡಿಮೆಯಿಂದಲೇ ಬಿಟ್ಟುಕೊಡುತ್ತಿರುತ್ತಾರೆ, ಅದಕ್ಕಾಗಿ ಇದನ್ನು ಒತ್ತಿ ಹೇಳುತ್ತಿದ್ದೇನೆ.

ಇನ್ನೊಂದು ಕಡೆ ಬೆಣ್ಣೆ ಕಿಲೋಗೆ 520ಕ್ಕೇ ಸಿಕ್ಕಿತು ಎನ್ನಿ. ನಲವತ್ತು ರೂಪಾಯಿ ಉಳಿಯಿತೆಂದು ಮನಸ್ಸು ಒಪ್ಪುತ್ತದೆ. ಕೊಯ್ದರೆ ಹನಿ ಹೊಳೆಯುವ ಬೆಣ್ಣೆ ಅದು. ಕಾಯಿಸಿದಾಗ ನೂರಕ್ಕೆ 72 ಪಾಲು ಮಾತ್ರ ತುಪ್ಪವಾಯಿತು. 520ನ್ನು 0.72ರಿಂದ ಭಾಗಿಸಿದರೆ 722 ರೂಪಾಯಿ! ಅಗ್ಗದ ಬೆಣ್ಣೆಯ ತುಪ್ಪವೇ ದುಬಾರಿಯಾಯಿತು. ಆ ಬೆಣ್ಣೆ ಮೊದಲಿನದಕ್ಕೆ ಸಮನಾಗಬೇಕಾದರೆ 507 ರೂಪಾಯಿಗೆ ಸಿಗಬೇಕಿತ್ತು. ಇಂಥ ಬೆಣ್ಣೆಯನ್ನು ಒಲೆಯ ಮೇಲೆ ಗುರುತಿಸುವುದು ಸುಲಭ: ಚಟಚಟ ಸದ್ದಿನ ಹಂತವೇ ಬಹಳ ಹೊತ್ತು ಎಳೆಯುತ್ತದೆ. ಗಸಿಯೂ ಹೆಚ್ಚಾಗಿ ಬಂದರೆ ಅದರಲ್ಲಿ ಉಳಿದಿದ್ದದ್ದು ಬರೀ ನೀರಲ್ಲ, ತೊಳೆಯದೆ ಬಿಟ್ಟ ಮಜ್ಜಿಗೆ ಎಂದು ತಿಳಿಯಬೇಕು. ಬರೀ ನೀರು ಗಸಿ ಬಿಡುವುದಿಲ್ಲ.

ಗಸಿಯ ಮಾತಿಗೆ ಬಂದರೆ, ಅದನ್ನು ಕಸವೆಂದು ಎಣಿಸುವುದು ನನಗೆ ಸರಿಕಾಣದು. ಹಾಲಿನ ಪ್ರೋಟೀನು ಕೆಂಪಗೆ ಹುರಿದು ಆದದ್ದು ಅದು, ತನ್ನೊಳಗೆ ತುಪ್ಪವನ್ನು ಹೀರಿಕೊಂಡಿರುತ್ತದೆ. ನಮ್ಮ 80 ಗ್ರಾಂ ಗಸಿಯಲ್ಲಿ ಅರ್ಧದಷ್ಟು, ಅಂದರೆ 40 ಗ್ರಾಂ ತುಪ್ಪವೇ ಇದ್ದರೆ ಅದರ ಬೆಲೆ 28 ರೂಪಾಯಿ. ಗಸಿಯನ್ನು ಬಿಸಿನೀರಿಗೆ ಹಾಕಿ, ಚೆನ್ನಾಗಿ ಕದಡಿ, ಸೋಸಿ, ತಣ್ಣಗಾಗಲು ಬಿಟ್ಟರೆ ತುಪ್ಪ ಮೇಲೆ ಹೆಪ್ಪುಗಟ್ಟುತ್ತದೆ. 25 ಗ್ರಾಂ ಹೀಗೆ ಸಿಕ್ಕಿದರೆ ಒಟ್ಟು ತುಪ್ಪ 1,615 ಗ್ರಾಂ ಆಗಿ, ಬೆಣ್ಣೆಯ ಲೆಕ್ಕದಲ್ಲಿ ಕಿಲೋಗೆ 693 ರೂಪಾಯಿಗೆ ಇಳಿಯುತ್ತದೆ. ಆದರೆ ಆ ತುಪ್ಪವನ್ನು ನೀರು ಹೋಗುವವರೆಗೆ ಮತ್ತೆ ಕಾಯಿಸಬೇಕು, ಬೇರೆಯಾಗಿಟ್ಟು ಮೊದಲು ಬಳಸಬೇಕು. ಬೆಲ್ಲ ಬೆರೆಸಿ ಮಕ್ಕಳಿಗೆ ಕೊಡುವ ಮನೆಗಳಲ್ಲಿ, ಚಪಾತಿ ಹಿಟ್ಟಿಗೆ ಕಲಸುವ ಮನೆಗಳಲ್ಲಿ ಗಸಿ ವ್ಯರ್ಥವಾಗುವುದೇ ಇಲ್ಲ. ಕಪ್ಪಾಗಿದ್ದರೆ ಮಾತ್ರ ಈ ಎರಡೂ ದಾರಿ ಮುಚ್ಚಿದಂತೆ. ಕಹಿ ತುಪ್ಪಕ್ಕೂ ಇಳಿದಿರುತ್ತದೆ.

ಇದಕ್ಕೆ ವಿರುದ್ಧವಾದ ತಪ್ಪು ಲೆಕ್ಕವನ್ನು ಚೆಂದ ಕಾಣಿಸುತ್ತದೆ. ಸದ್ದು ಪೂರ್ತಿ ನಿಲ್ಲುವ ಮೊದಲೇ ಇಳಿಸಿದರೆ ತೂಕ ಹೆಚ್ಚು ಬರುತ್ತದೆ, ಕಿಲೋ ಬೆಲೆ ಕಡಿಮೆ ತೋರುತ್ತದೆ. ಆ ಹೆಚ್ಚುವರಿ ತೂಕ ನೀರು. ಒಳ್ಳೆಯ ತುಪ್ಪದಲ್ಲಿ ನೂರಕ್ಕೆ ಅರ್ಧ ಪಾಲಿಗಿಂತ ಹೆಚ್ಚು ನೀರು ಇರಬಾರದು. ಇದ್ದರೆ ಮಸುಕಾಗಿ ನಿಂತು, ಕೆಲವು ವಾರಗಳಲ್ಲಿ ಹುಳಿ ಕಮಟು ವಾಸನೆ ಹಿಡಿಯುತ್ತದೆ.

ಅಂಗಡಿ ತುಪ್ಪದೊಡನೆ ಹೋಲಿಸುವಾಗ ಪೊಟ್ಟಣದ ಮೇಲೆ ಲೀಟರು ಎಂದಿದೆಯೋ ಕಿಲೋ ಎಂದಿದೆಯೋ ನೋಡಬೇಕು. ಒಂದು ಲೀಟರು ತುಪ್ಪ ತೂಗುವುದು ಸುಮಾರು 910 ಗ್ರಾಂ. ಹಾಗಾಗಿ ಲೀಟರಿಗೆ 700 ರೂಪಾಯಿಯ ತುಪ್ಪ ಕಿಲೋಗೆ 769 ಆಗುತ್ತದೆ. ನಮ್ಮ 704ರ ತುಪ್ಪ ಲೀಟರಿಗೆ 641 ಮಾತ್ರ.

ಹೊಸಬರಿಂದ ಬೆಣ್ಣೆ ಕೊಳ್ಳುವಾಗ ಮೊದಲ ಸಲ ಒಂದು ಕಿಲೋ ತಂದು ಕಾಯಿಸಿ ನೋಡಿ. ಕಾಲು ಕಿಲೋದಲ್ಲಿ ಪರೀಕ್ಷೆ ಮಾಡಿದರೆ ಪಾತ್ರೆಗೆ ಅಂಟುವ ಹತ್ತು ಹದಿನೈದು ಗ್ರಾಮೇ ಲೆಕ್ಕ ಕೆಡಿಸುತ್ತದೆ. ಕಿಲೋ ಬೆಣ್ಣೆಗೆ ಎಷ್ಟು ಗ್ರಾಂ ತುಪ್ಪ ಬಂತು, ಯಾವ ತಿಂಗಳಲ್ಲಿ, ಯಾರ ಬೆಣ್ಣೆಯಲ್ಲಿ ಎಂದು ಕ್ಯಾಲೆಂಡರಿನ ಆ ದಿನದ ಚೌಕದಲ್ಲೇ ಬರೆದಿಡಿ. ಮುಂದಿನ ಸಲ ಚೌಕಾಸಿ ಮಾಡುವಾಗ ಬೆಣ್ಣೆಯ ದರಕ್ಕಿಂತ ಆ ಗ್ರಾಂ ಲೆಕ್ಕವನ್ನು ಹಿಡಿದು ಮಾತಾಡಿ.